ಎನ್‌ಆರ್‌ಒ ಡಿಪಾಸಿಟ್: ಬಡ್ಡಿ 17,500, ಕೈಗೆ 12,040

ಒಂದೇ ಬ್ಯಾಂಕು, ವಿಜಯಪುರದ ಅದೇ ಶಾಖೆ. ಅಲ್ಲಿ ಅನಿವಾಸಿಗಳಿಗೆ ಅಂತಲೇ ಇರುವ ಎರಡು ಬಗೆಯ ಡಿಪಾಸಿಟ್ ನನ್ನದಿವೆ. ದುಬೈನಿಂದ ಸಂಬಳ ಕಳಿಸಿ ಮಾಡಿದ್ದು ಎನ್‌ಆರ್‌ಇ. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದ 10 ಲಕ್ಷ ಇಟ್ಟಿದ್ದು ಎನ್‌ಆರ್‌ಒ. ಇಲ್ಲಿ ಪಾಲಿಗೆ ಬಂದ ಇಂಥ ಹಣ ನೇರವಾಗಿ ಎನ್‌ಆರ್‌ಇಗೆ ಹೋಗಲ್ಲ, ಎನ್‌ಆರ್‌ಒಗೇ ಬರಬೇಕು. ಕೆಲವು ವರ್ಷದಿಂದ ಎರಡನ್ನೂ ಬಳಸುತ್ತಿದ್ದೇನೆ. ಬಡ್ಡಿ ದರ, ಅವಧಿ ಎಲ್ಲ ಬ್ಯಾಂಕಿನ ಸೈಟಿನಲ್ಲಿ ಸಿಗುತ್ತದೆ, ಅದನ್ನು ಮತ್ತೆ ಬರೆಯಲ್ಲ.

ಎನ್‌ಆರ್‌ಇ ಬಗ್ಗೆ ದೂರೇ ಇಲ್ಲ. ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬ್ಯಾಂಕು ಏನೂ ಹಿಡಿಯುವುದೂ ಇಲ್ಲ, ಹೇಳಿದಷ್ಟು ಬಂದು ಬೀಳುತ್ತದೆ. ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಸಿಗಲ್ಲ ಅನ್ನೋದು ಗೊತ್ತಿದ್ದರೆ ಸಾಕು.

ಎನ್‌ಆರ್‌ಒ ಕಥೆ ಬೇರೆ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಖಾತೆಗೆ ಹಾಕಿಸಿಕೊಳ್ಳುತ್ತೇನೆ, ಅವ್ವನ ಔಷಧಿ, ಮನೆ ಖರ್ಚಿಗೆ ಆಗುತ್ತದೆ ಅಂತ. ಬಡ್ಡಿ ಬಿದ್ದ ದಿನ ಅವ್ವ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು, ಕಟ್ಟೆ ಮೇಲೆ ಬಿಸಿಲಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾಳೆ. ಮೊದಲ ಸಲ ಫೋಟೋ ಜೊತೆ ಫೋನೂ ಬಂತು. "ಏನೋ ತಮ್ಮಾ, ಹದಿನೇಳೂವರೆ ಸಾವಿರ ಅಂದಿದ್ದಿ, ಹನ್ನೆರಡು ಸಾವಿರ ಅಷ್ಟ ಬಂದೈತಲ್ಲ!"

10 ಲಕ್ಷಕ್ಕೆ 7 ಪರ್ಸೆಂಟ್, ವರ್ಷಕ್ಕೆ 70,000, ಮೂರು ತಿಂಗಳಿಗೆ 17,500. ಅದರಲ್ಲಿ 30 ಪರ್ಸೆಂಟ್ ತೆರಿಗೆ, ಆ ತೆರಿಗೆಯ ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 31.2 ಪರ್ಸೆಂಟ್. ಅಂದರೆ 5,460 ರೂಪಾಯಿ ಮೂಲದಲ್ಲೇ ಹೋಯಿತು, ಕೈಗೆ ಸಿಕ್ಕಿದ್ದು 12,040. ವರ್ಷದ ಲೆಕ್ಕ ಹಾಕಿದರೆ 21,840 ರೂಪಾಯಿ ಕೈ ಬಿಟ್ಟ ಹಾಗೆ.

ಊರಲ್ಲಿರುವವರ ಎಫ್‌ಡಿಗೆ ಬಡ್ಡಿ ಒಂದು ಮಿತಿ ದಾಟಿದ ಮೇಲೆ 10 ಪರ್ಸೆಂಟ್ ಹಿಡಿಯುತ್ತಾರೆ. ನಮಗೆ ಆ ಮಿತಿಯೇ ಇಲ್ಲ. ನೂರು ರೂಪಾಯಿ ಬಡ್ಡಿ ಬಂದರೂ 31 ರೂಪಾಯಿ ಚಿಲ್ಲರೆ ಹೋಗುತ್ತದೆ, ಎನ್‌ಆರ್‌ಒ ಉಳಿತಾಯ ಖಾತೆಯ ಬಡ್ಡಿಗೂ ಅಷ್ಟೇ. ತೆರಿಗೆ ಹಿಡಿಯಬೇಡಿ ಅನ್ನೋ 15ಜಿ ಫಾರ್ಮ್ ಕೊಟ್ಟರೆ ನಿಲ್ಲುತ್ತದೆ ಅಂತ ನೆಂಟರು ಹೇಳುತ್ತಿದ್ದರು, ಅದು ಇದ್ದದ್ದು ಇಲ್ಲಿ ವಾಸ ಇರುವವರಿಗೆ ಮಾತ್ರ.

ಕಾನೂನು ಹಾಗಿದೆ, ಬ್ಯಾಂಕು ಹಿಡಿಯಲೇಬೇಕು, ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದು ಕೌಂಟರಿನಲ್ಲಿ ಕೊಟ್ಟ ಉತ್ತರಕ್ಕೆ. ರಜೆಗೆ ಬಂದಾಗ ಹೋಗಿ ಕೇಳಿದೆ. "ಸರ್, ಟ್ಯಾಕ್ಸ್ ಕಟ್ ಆಗೇತ್ರಿ, ಅಲ್ಲಿಗೆ ಮುಗೀತು, ನೀವು ರಿಟರ್ನ್ ಹಾಕೋದೇನೂ ಬ್ಯಾಡ್ರಿ" ಅಂದರು. ಗಲ್ಫ್‌ನಲ್ಲಿ ದುಡಿಯೋ ಎಷ್ಟೋ ಜನ ಈ ಒಂದು ಮಾತು ನಂಬಿ ವರ್ಷ ವರ್ಷ ತಮ್ಮ ದುಡ್ಡು ಬಿಟ್ಟುಕೊಡುತ್ತಿದ್ದಾರೆ. ಹಿಡಿದದ್ದು ಮುಂಗಡ ಅಷ್ಟೇ. ನಿಜವಾಗಿ ಎಷ್ಟು ತೆರಿಗೆ ಕಟ್ಟಬೇಕು ಅನ್ನೋದು ರಿಟರ್ನ್ ಹಾಕಿದ ಮೇಲೆ ತೀರ್ಮಾನ ಆಗುತ್ತದೆ.

2024-25ರ ನನ್ನ ಲೆಕ್ಕ ನೋಡಿ. ಭಾರತದಲ್ಲಿ ನನಗಿದ್ದ ತೆರಿಗೆಯ ಆದಾಯ ಈ 70,000 ಮಾತ್ರ. ದುಬೈ ಸಂಬಳ ಅಲ್ಲೇ ದುಡಿದು ಅಲ್ಲೇ ಪಡೆದದ್ದು, ನಾನು ಅನಿವಾಸಿ ಆಗಿರುವವರೆಗೂ ಅದು ಇಲ್ಲಿನ ಲೆಕ್ಕಕ್ಕೆ ಬರಲ್ಲ. ಆ ವರ್ಷ ಹೊಸ ಪದ್ಧತಿಯಲ್ಲಿ 3 ಲಕ್ಷದವರೆಗೆ ತೆರಿಗೆ ಇಲ್ಲ. ಹಾಗಾಗಿ ನನ್ನ ತೆರಿಗೆ ಸೊನ್ನೆ, 21,840 ಪೂರ್ತಿ ವಾಪಸ್. 2025-26ಕ್ಕೆ ಈ ಮಿತಿ 4 ಲಕ್ಷ ಆಯಿತು. ಆದರೆ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಟಿವಿಯಲ್ಲಿ ಹೇಳುತ್ತಾರಲ್ವಾ, ಅದು ರಿಬೇಟ್‌ನಿಂದ ಬರುವುದು, ಅನಿವಾಸಿಗಳಿಗೆ ಆ ರಿಬೇಟ್ ಇಲ್ಲ. ಬಾಡಿಗೆ ಗೀಡಿಗೆ ಸೇರಿ ಇಲ್ಲಿನ ಆದಾಯ 4 ಲಕ್ಷ ದಾಟಿದರೆ ಅಲ್ಲಿಂದಲೇ ತೆರಿಗೆ ಶುರು.

ರಿಟರ್ನ್ ಹಾಕೋದು ಕಷ್ಟ ಇಲ್ಲ, ಹಾಕೋ ಮುಂಚೆ ನೋಡಿಕೊಳ್ಳಬೇಕಾದ್ದು ಮುಖ್ಯ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ ತೆಗೆಯಿರಿ. 2025-26ರವರೆಗೆ ಬ್ಯಾಂಕು ಹಿಡಿದದ್ದು ಅಲ್ಲಿ 195 ಅನ್ನೋ ಸೆಕ್ಷನ್ ಹೆಸರಲ್ಲಿ ಕಾಣಬೇಕು. 194ಎ ಅಂತ ಇದ್ದರೆ ಬ್ಯಾಂಕಿನ ದಾಖಲೆಯಲ್ಲಿ ನೀವಿನ್ನೂ ಊರವರೇ ಆಗಿದ್ದೀರಿ ಅಂತ ಅರ್ಥ, ಅದನ್ನು ಮೊದಲು ಸರಿ ಮಾಡಿಸಿ. ಏನೂ ಕಾಣದಿದ್ದರೆ ಡಿಪಾಸಿಟ್‌ಗೆ ಪ್ಯಾನ್ ಜೋಡಿಸಿದ್ದಾರಾ ಕೇಳಿ. ಕೊನೆಯ ಮೂರು ತಿಂಗಳ ವಿವರ ಕೊಡಲು ಬ್ಯಾಂಕಿಗೆ ಮೇ 31ರವರೆಗೆ ಸಮಯ ಇರುತ್ತದೆ, ಅದಕ್ಕೇ ನಾನು ಜೂನ್‌ಗೆ ಮುಂಚೆ ಕೈ ಹಾಕಲ್ಲ. ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ಅನಿವಾಸಿ ಅಂತ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಆಧಾರ್ ಜೋಡಿಸಿಲ್ಲ ಅನ್ನೋ ಕಾರಣಕ್ಕೆ ಪ್ಯಾನ್ ನಿಷ್ಕ್ರಿಯ ಆಗಿರಬಹುದು, ಆಗ ರಿಫಂಡ್ ಬರಲ್ಲ.

ಆಮೇಲೆ ಐಟಿಆರ್-2 ತುಂಬಬೇಕು, ಐಟಿಆರ್-1 ನಮಗಲ್ಲ. ಎನ್‌ಆರ್‌ಒ ಬಡ್ಡಿಯನ್ನು ಇತರೆ ಆದಾಯದಲ್ಲಿ, ಎನ್‌ಆರ್‌ಇ ಬಡ್ಡಿಯನ್ನು ವಿನಾಯಿತಿ ಆದಾಯದ ಪಟ್ಟಿಯಲ್ಲಿ ತೋರಿಸುತ್ತೇನೆ. ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢಪಡಿಸಿಟ್ಟಿದ್ದೆ, ರಿಫಂಡ್ ನೇರ ಅದಕ್ಕೇ ಬಂತು, ಜೊತೆಗೆ ಸರ್ಕಾರದಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಬೇರೆ. ಈ ಸಲ ಪಾಸ್‌ಬುಕ್ ಫೋಟೋ ಕಳಿಸಿದ ಅವ್ವನ ದನಿಯೇ ಬೇರೆ ಇತ್ತು. ನನಗೂ ಎನ್‌ಆರ್‌ಒ ಮೇಲಿನ ಮುನಿಸು ಅರ್ಧ ಇಳಿಯಿತು.

ಹಿಡಿಯುವಾಗಲೇ ಕಡಿಮೆ ಮಾಡಿಸುವ ದಾರಿಯೂ ಇದೆ. ಯುಎಇ ಜೊತೆ ಭಾರತದ ತೆರಿಗೆ ಒಪ್ಪಂದದ ಪ್ರಕಾರ ಇಂಥ ಬಡ್ಡಿಗೆ 12.5 ಪರ್ಸೆಂಟ್, ಮೇಲೆ ಸೆಸ್ ಇಲ್ಲ. ಅದಕ್ಕೆ ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ, ಪೋರ್ಟಲ್‌ನಲ್ಲಿ ತುಂಬುವ ಘೋಷಣೆಯ ಫಾರ್ಮ್ ಎರಡನ್ನೂ ಬ್ಯಾಂಕಿಗೆ ಕೊಡಬೇಕು. ಪ್ರಮಾಣಪತ್ರಕ್ಕೆ ಅಲ್ಲಿ ಶುಲ್ಕ ಇದೆ, ಪ್ರತಿ ಅವಧಿಗೂ ಹೊಸದು ಬೇಕು. ಇಲ್ಲಿ ದೊಡ್ಡ ಬಾಡಿಗೆ, ದೊಡ್ಡ ಡಿಪಾಸಿಟ್ ಇದ್ದು 30 ಪರ್ಸೆಂಟ್ ಸ್ಲ್ಯಾಬ್‌ಗೆ ಹೋಗುವವರಿಗೆ ಇದು ನಿಜಕ್ಕೂ ಲಾಭ. ನನಗೆ ಹೇಗೂ ಪೂರ್ತಿ ವಾಪಸ್ ಬರುವಾಗ ಸುಮ್ನೆ ಯಾಕೆ ಓಡಾಡಲಿ?

ಎನ್‌ಆರ್‌ಇ ಇರುವವರಿಗೆ ಒಂದು ಮಾತು ಹೇಳಲೇಬೇಕು. ಬ್ಯಾಂಕು ಏನೂ ಹಿಡಿಯುತ್ತಿಲ್ಲ ಅಂದರೆ ತೆರಿಗೆ ಇಲ್ಲ ಅಂತ ಅಲ್ಲ. ಕೆಲಸ ಬಿಟ್ಟು ಊರಲ್ಲೇ ನೆಲೆಸಲು ಬಂದಿರೋ, ಆಗಿನಿಂದ ಆ ಬಡ್ಡಿಗೆ ವಿನಾಯಿತಿ ಹೋಗುತ್ತದೆ, ಡಿಪಾಸಿಟ್ ಅವಧಿ ಬಾಕಿ ಇದ್ದರೂ ಸರಿ. ನೀವು ಬಂದಿದ್ದು ಬ್ಯಾಂಕಿಗೆ ತಾನಾಗೇ ತಿಳಿಯಲ್ಲ, ಬಡ್ಡಿ ಮೊದಲಿನ ಹಾಗೇ ಪೂರ್ತಿ ಬೀಳುತ್ತಿರುತ್ತದೆ, ನೋಟಿಸ್ ಮಾತ್ರ ಆಮೇಲೆ ಬರುತ್ತದೆ. ಬಂದ ಕೂಡಲೇ ಹೇಳಿ ಖಾತೆ ಬದಲಾಯಿಸಿ. ವಿದೇಶಿ ಹಣದಲ್ಲೇ ಇಡುವ ಎಫ್‌ಸಿಎನ್‌ಆರ್ ಇದಕ್ಕಿಂತ ಮೆತ್ತಗೆ. ಅದರ ವಿನಾಯಿತಿ ನೋಡೋದು ತೆರಿಗೆಯ ವಾಸಸ್ಥಿತಿಯನ್ನು, ಹಾಗಾಗಿ ವಾಪಸ್ ಬಂದ ಮೇಲೂ ಸಾಮಾನ್ಯ ನಿವಾಸಿ ಆಗುವವರೆಗೆ ಉಳಿಯುತ್ತದೆ, ಬಹಳ ಜನರಿಗೆ ಒಂದೆರಡು ವರ್ಷ.

ಎನ್‌ಆರ್‌ಒ ಇಟ್ಟುಕೊಳ್ಳಬೇಕಾ ಅಂದರೆ, ಬೇರೆ ದಾರಿ ಇಲ್ಲದವರಿಗೆ ಸರಿ, ವರ್ಷಕ್ಕೊಮ್ಮೆ ರಿಟರ್ನ್ ಹಾಕುವ ಮನಸ್ಸಿದ್ದರೆ ಮಾತ್ರ. ನನ್ನದು ಅವಧಿ ಮುಗಿದ ಮೇಲೆ ನವೀಕರಿಸಲ್ಲ. ಎನ್‌ಆರ್‌ಒದಿಂದ ಎನ್‌ಆರ್‌ಇಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಸಾಗಿಸಲು ರಿಸರ್ವ್ ಬ್ಯಾಂಕ್ ಬಿಟ್ಟಿದೆ, ಆ ಹಣದ ತೆರಿಗೆ ತೀರಿರಬೇಕು ಅಷ್ಟೇ. ಹಣ ಸಾಗಿಸುವ ಬಗ್ಗೆ ನಾನು ತುಂಬುವ ಘೋಷಣೆಯ ಫಾರ್ಮ್, ಅದರ ತೆರಿಗೆ ಬಗ್ಗೆ ಸಿಎ ಕೊಡುವ ಪ್ರಮಾಣಪತ್ರ, ಅಪ್ಪನ ಹಣ ನನಗೆ ಹೇಗೆ ಬಂತು ಅನ್ನೋ ಕಾಗದ, ಇಷ್ಟನ್ನು ಬ್ಯಾಂಕು ಕೇಳಿದೆ. ವಾರಸಾ ಪ್ರಮಾಣಪತ್ರ ಮನೆಯಲ್ಲೇ ಇದೆ, ಸಿಎ ಹತ್ತಿರ ಮಾತಾಡಿ ಆಗಿದೆ.