ಕರೆಂಟ್ ಬಿಲ್ ಫೋಟೋ ಓದಿಸೋ ಮುಂಚೆ ತಾರೀಖು ನೋಡ್ಕೊಳ್ಳಿ

ಗದಗ ಬೆಟಗೇರಿಯಲ್ಲಿ ನಮ್ಮ ಸೋದರಮಾವನ ಹಿಟ್ಟಿನ ಗಿರಣಿ ಇದೆ. ಬಿಲ್ಲಿನ ಚೀಟಿ ಕೈಗೆ ಬಂದ ಕೂಡಲೇ ಅವರು ಫೋಟೋ ಕಳಿಸುತ್ತಾರೆ, ಹುಬ್ಬಳ್ಳಿಯಿಂದ ನಾನು ಕಟ್ಟುತ್ತೇನೆ. ಪ್ರತಿ ಸಲ ಕಣ್ಣಗಲಿಸಿ ಓದೋದು ಬೇಜಾರಾಗಿ, ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದೆ. ಟೆಸರಾಕ್ಟ್ ಫೋಟೋದಿಂದ ಅಕ್ಷರ ತೆಗೆಯುತ್ತೆ, ಅದರಲ್ಲಿ ಯುನಿಟ್, ಮೊತ್ತ, ಕಡೇ ದಿನಾಂಕ ಹುಡುಕಿ, ಕಟ್ಟೋ ದಿನ ನೆನಪಿಸುತ್ತೆ. ನಮ್ಮನೆಯ ನಾಲ್ಕು ಬಿಲ್ ಹಾಕಿ ನೋಡಿದೆ, ಎಲ್ಲ ಸರಿ ಬಂತು.

ಮಾವನ ಜೂನ್ ಬಿಲ್ಲಿನ ಕಡೇ ದಿನಾಂಕ 09/07/2025. ತಾರೀಖು ಓದೋಕೆ ನಾನು ಬಳಸಿದ್ದು ಪೈಥಾನ್‌ನ `dateutil` ಪಾರ್ಸರ್. ಅದು ಸುಮ್ನೆ ಬಿಟ್ಟರೆ ಮೊದಲ ಅಂಕಿಯನ್ನು ತಿಂಗಳು ಅಂದುಕೊಳ್ಳುತ್ತೆ. ಹಾಗಾಗಿ ಸೆಪ್ಟೆಂಬರ್ 7 ಅಂತ ಬರೆದುಕೊಂಡಿತು. ಜುಲೈನಲ್ಲಿ ನೆನಪಿಸಲೇ ಇಲ್ಲ, ಆ ಬಿಲ್ ಕಟ್ಟದೇ ಉಳಿಯಿತು. ನಮ್ಮನೆ ಬಿಲ್ಲಿಗೆ ಯಾಕೆ ಸರಿ ಬಂದಿತ್ತು ಗೊತ್ತಾ? ಅಲ್ಲಿ ಕಡೇ ದಿನ ಯಾವಾಗಲೂ 18 ಅಥವಾ 19. ಹದಿನೆಂಟನೇ ತಿಂಗಳು ಇಲ್ಲವಲ್ಲ, ಪಾರ್ಸರ್ ತಾನೇ ತಿರುವಿ ಓದಿತ್ತು. ಹನ್ನೆರಡರ ಒಳಗಿನ ತಾರೀಖಿಗೆ ಮಾತ್ರ ತಪ್ಪುತ್ತೆ, ಒಂದು ಎರರ್ ಕೂಡ ತೋರಿಸದೆ.

ಜುಲೈ ಬಿಲ್ಲಿನಲ್ಲಿ ಈ ತಿಂಗಳ ಶುಲ್ಕ 3,125, ಹಳೇ ಬಾಕಿ 2,840, ಬಡ್ಡಿ 28, ಒಟ್ಟು 5,993 ಇತ್ತು. ನನ್ನ ಸ್ಕ್ರಿಪ್ಟ್ ಮೊದಲು ಸಿಕ್ಕ ಮೊತ್ತವನ್ನೇ ಹಿಡಿಯಿತು. ಬಾಕಿ ಇರದ ಬಿಲ್ಲಿನಲ್ಲಿ ಶುಲ್ಕ, ಒಟ್ಟು ಎರಡೂ ಒಂದೇ, ಅದಕ್ಕೇ ಟೆಸ್ಟ್‌ನಲ್ಲಿ ಗೊತ್ತಾಗಿರಲಿಲ್ಲ. ನಾನೂ ಫೋಟೋ ತೆರೆದು ನೋಡದೆ 3,125 ಕಟ್ಟಿದೆ. ಹಳೇ ಬಾಕಿ ಹಾಗೇ ಉಳಿಯಿತು. ಕೆಲವು ದಿನ ಆದಮೇಲೆ ಮಾವನ ಫೋನು: "ಅಲ್ಲೋ ಅಳಿಯಾ, ಲೈನ್ ಕಟ್ ಮಾಡಾಕ ಬಂದಾರ. ನೀ ಕಟ್ಟೀನಿ ಅಂದಿದ್ದಿ ಹೌದಿಲ್ಲೋ?" ಗಿರಣಿ ಮುಂದೆ ಜೋಳದ ಡಬ್ಬಿ ಸಾಲು ನಿಂತಿತ್ತಂತೆ.

ವಿಚಿತ್ರ ಅಂದರೆ ಯುನಿಟ್ ಮಾತ್ರ ತಪ್ಪಲಿಲ್ಲ. ಚೀಟಿ ಮಡಿಚಿ ಮಸುಕಾಗಿ 308 ಅನ್ನೋದನ್ನ 808 ಅಂತ ಓದಿತ್ತು. ಆದರೆ ಅಲ್ಲಿ ಲೆಕ್ಕ ಹಾಕಿಸಿದ್ದೆ: ಈಗಿನ ರೀಡಿಂಗ್ 18760, ಹಿಂದಿನದು 18452, ಕಳೆದರೆ 308. ಹೊಂದಲಿಲ್ಲ, ಸ್ಕ್ರಿಪ್ಟ್ ನಿಂತು ನನ್ನನ್ನು ಕೇಳಿತು. (ಮೀಟರಿಗೆ ಗುಣಕ ಇದ್ದರೆ ವ್ಯತ್ಯಾಸವನ್ನು ಅದರಿಂದ ಗುಣಿಸಬೇಕು.) ಉಳಿದ ಎರಡಕ್ಕೂ ಅದೇ ಜಾಣತನ ಯಾಕೆ ಹೊಳೆಯಲಿಲ್ಲವೋ.

ಈಗ ತಾರೀಖಿಗೆ ರೂಪ ನಾನೇ ಹೇಳಿಕೊಡುತ್ತೇನೆ:

```python
kade = datetime.strptime(s, "%d/%m/%Y")
```

ಬಿಲ್ ತಾರೀಖಿಗೂ ಕಡೇ ದಿನಕ್ಕೂ ಸುಮಾರು ಎರಡು ವಾರದ ಅಂತರ ಇರಬೇಕು, ತಿಂಗಳಿಗಿಂತ ಜಾಸ್ತಿ ಬಂದರೆ ಒಪ್ಪಲ್ಲ. ಶುಲ್ಕ, ಬಾಕಿ, ಬಡ್ಡಿ ಕೂಡಿಸಿ ಒಟ್ಟು ಮೊತ್ತಕ್ಕೆ ತಾಳೆ ಆಗದಿದ್ದರೆ ಫೋಟೋ ನನ್ನ ಮುಂದೆ ಬರುತ್ತೆ. ಮಾವ ಈಗ ಫೋಟೋ ಜೊತೆ ಕಡೇ ದಿನಾಂಕವನ್ನೂ ಟೈಪ್ ಮಾಡಿ ಕಳಿಸುತ್ತಾರೆ.