ಆಟೊ ಲೆವೆಲ್: ತಾಳಮದ್ದಳೆ ರೆಕಾರ್ಡಿಂಗಿಗೆ ಒಂದೂವರೆ ನಕ್ಷತ್ರ, ಕರೆಗೆ ಮೂರು

ಜೇಬಿಗೆ ಹಿಡಿಯುವ ರೆಕಾರ್ಡರ್‌ಗಳಲ್ಲಿ AUTO LEVEL ಎಂಬ ಒಂದು ಸ್ವಿಚ್ ಇರುತ್ತದೆ. ವಿಡಿಯೊ ಕರೆಯ ಆ್ಯಪ್‌ಗಳಲ್ಲಿ ಇದೇ ಕೆಲಸ ಮಾಡುವ ಆಯ್ಕೆ ಮೊದಲೇ ಚಾಲೂ ಆಗಿರುತ್ತದೆ. ಎರಡೂ ಒಂದೇ ಜಾತಿ: ಬರುವ ದನಿ ದೊಡ್ಡದಾದರೆ ಗೇನ್, ಅಂದರೆ ದನಿಯನ್ನು ಹಿಗ್ಗಿಸುವ ಪ್ರಮಾಣ, ತಗ್ಗಿಸುವುದು, ಸಣ್ಣದಾದರೆ ಏರಿಸುವುದು. ತಾಳಮದ್ದಳೆಯ ರೆಕಾರ್ಡಿಂಗಿಗೂ ದೂರದೂರಿನ ಅರ್ಥಧಾರಿಗಳನ್ನು ಕರೆಯಲ್ಲಿ ಸೇರಿಸುವುದಕ್ಕೂ ಹಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ ಇದು.

ತಾಳಮದ್ದಳೆಯಷ್ಟು ಕಠಿಣ ಪರೀಕ್ಷೆ ಈ ಸೌಲಭ್ಯಕ್ಕೆ ಬೇರೆ ಸಿಗಲಿಕ್ಕಿಲ್ಲ. ಭಾಗವತರ ಪದ್ಯ ಏರುತ್ತ ಹೋಗಿ ಚೆಂಡೆಯ ಬಿಡ್ತಿಗೆಯಲ್ಲಿ ಮುಗಿಯುತ್ತದೆ. ಮರುಕ್ಷಣ ಅರ್ಥಧಾರಿ ತಗ್ಗಿದ ದನಿಯಲ್ಲಿ ಮಾತು ಎತ್ತುತ್ತಾರೆ. ಆಟೊ ಲೆವೆಲ್ ಎಡವುವುದು ಸರಿಯಾಗಿ ಈ ಸಂಧಿಯಲ್ಲೇ.

ಕಾರಣ ಸರಳ. ಗೇನ್ ಇಳಿಯುವುದು ಮಿಲಿಸೆಕೆಂಡುಗಳಲ್ಲಿ, ಏರುವುದು ಸೆಕೆಂಡುಗಳಲ್ಲಿ. ಇಳಿಯುವುದು ತಡವಾದರೆ ಚೆಂಡೆಯ ಮೊದಲ ಪೆಟ್ಟಿಗೇ ದನಿ ಒಡೆಯುತ್ತದೆ. ಏರುವುದೂ ಅಷ್ಟೇ ವೇಗವಾದರೆ ಎರಡು ಅಕ್ಷರಗಳ ನಡುವಿನ ಸಂದಿನಲ್ಲೂ ಗೇನ್ ಮೇಲೆ ಹಾರಿ, ಫ್ಯಾನಿನ ಸದ್ದು ಉಸಿರಾಡಿದಂತೆ ಕೇಳುತ್ತದೆ. ಹಾಗಾಗಿ ತಯಾರಕರು ಏರಿಕೆಯನ್ನು ಬೇಕೆಂದೇ ನಿಧಾನವಾಗಿ ಇಟ್ಟಿರುತ್ತಾರೆ. ಚೆಂಡೆ 18 ಡೆಸಿಬೆಲ್ ಗೇನ್ ಇಳಿಸಿತು ಎಂದುಕೊಳ್ಳಿ. ಉಪಕರಣ ಸೆಕೆಂಡಿಗೆ 6 ಡೆಸಿಬೆಲ್‌ನಂತೆ ಮರಳಿ ಏರಿಸಿದರೆ ಮೊದಲಿನ ಮಟ್ಟಕ್ಕೆ ಬರಲು 3 ಸೆಕೆಂಡು ಬೇಕು. ಅಷ್ಟರಲ್ಲಿ ಅರ್ಥದ ಮೊದಲ ವಾಕ್ಯ ಮುಗಿದೇಹೋಗಿರುತ್ತದೆ. ಪೀಠಿಕೆಯೇ ಮುಳುಗಿದ ಅರ್ಥವನ್ನು ಯಾರು ಕೇಳುತ್ತಾರೆ?

ಇದರ ಇನ್ನೊಂದು ಮುಖ ಮೌನದಲ್ಲಿ ಕಾಣುತ್ತದೆ. ಅರ್ಥಧಾರಿ ಎದುರಾಳಿಯನ್ನು ನೋಡುತ್ತ ಐದು ಸೆಕೆಂಡು ಸುಮ್ಮನಿದ್ದರೆ, ಯಾರೋ ಸಣ್ಣಗೆ ಮಾತಾಡುತ್ತಿದ್ದಾರೆ ಎಂದೇ ಉಪಕರಣ ಎಣಿಸಿ ಗೇನ್ ಏರಿಸುತ್ತದೆ. ಶ್ರುತಿಪೆಟ್ಟಿಗೆ, ಫ್ಯಾನು, ಸಭೆಯ ಕೆಮ್ಮು ಎಲ್ಲ ಉಬ್ಬಿ ಮುಂದೆ ಬರುತ್ತವೆ. ಮಾತು ಮರಳಿದೊಡನೆ ಅವೆಲ್ಲ ಧಡಕ್ಕನೆ ಹಿಂದೆ ಸರಿಯುತ್ತವೆ. ಪಂಪಿಂಗ್ ಎನ್ನುವುದು ಇದಕ್ಕೇ. ಹಿನ್ನೆಲೆಯ ಸದ್ದು ಸ್ಥಿರವಾಗಿದ್ದರೆ ಕಿವಿ ಅದನ್ನು ಬೇಗ ಮರೆತುಬಿಡುತ್ತದೆ, ಏರಿಳಿದರೆ ಮರೆಯಲು ಬಿಡುವುದಿಲ್ಲ.

ನಿಮ್ಮ ಉಪಕರಣ ಎಷ್ಟು ನಿಧಾನ ಎಂದು ಮನೆಯಲ್ಲೇ ಅಳೆಯಬಹುದು. ಫ್ಯಾನ್ ಹಾಕಿ, ರೆಕಾರ್ಡರನ್ನು ಒಂದು ಮೀಟರ್ ದೂರ ಇಟ್ಟು, ಒಂದೇ ದನಿಯಲ್ಲಿ ಸೆಕೆಂಡಿಗೆ ಒಂದರಂತೆ ಹತ್ತರವರೆಗೆ ಎಣಿಸಿ. ಉಪಕರಣದ ಹತ್ತಿರ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಅದೇ ದನಿಯಲ್ಲಿ ಇಪ್ಪತ್ತರವರೆಗೆ ಮುಂದುವರಿಸಿ. ಆಮೇಲೆ 15 ಸೆಕೆಂಡು ಸುಮ್ಮನಿರಿ. ಕಡತವನ್ನು ಆಡಾಸಿಟಿಯಲ್ಲಿ ತೆರೆದು ಅಲೆಯ ಆಕಾರ ನೋಡಿ. ಚಪ್ಪಾಳೆಯ ನಂತರದ ಅಂಕಿಗಳು ಕುಗ್ಗಿ, ಮೆಟ್ಟಿಲಿನಂತೆ ಬೆಳೆದರೆ ಆಟೊ ಲೆವೆಲ್ ಚಾಲೂ ಇದೆ ಎಂದರ್ಥ. ಚಪ್ಪಾಳೆಯಿಂದ ಮುಂದೆ ಎಷ್ಟನೆಯ ಅಂಕಿಗೆ ಹಳೆಯ ಎತ್ತರ ಮರಳಿತೋ ಚೇತರಿಕೆಗೆ ಸುಮಾರು ಅಷ್ಟು ಸೆಕೆಂಡು. ಕೊನೆಯ ಮೌನದಲ್ಲಿ ಫ್ಯಾನಿನ ಪಟ್ಟಿ ದಪ್ಪವಾಗುತ್ತ ಹೋದರೆ ಅನುಮಾನವೇ ಬೇಡ.

ಕರೆಯಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ಪಿಸುಮಾತು ತಡವಾಗಿ ಕೇಳುವುದಲ್ಲ, ಮಾಯವೇ ಆಗುತ್ತದೆ. ಕರ್ಣಪರ್ವದ ಕೊನೆಯಲ್ಲಿ ಕರ್ಣನ ಪಾತ್ರಧಾರಿ ಉಸಿರಿನಲ್ಲೇ ಮಾತಾಡಿದರೆ ಆಚೆಯವರಿಗೆ ತುಟಿ ಮಾತ್ರ ಕಾಣುತ್ತದೆ. ಕರೆಯ ಆ್ಯಪ್‌ಗಳು ಸಾಮಾನ್ಯವಾಗಿ, ಬರುತ್ತಿರುವುದು ಮಾತೋ ಗದ್ದಲವೋ ಎಂದು ಮೊದಲು ತೀರ್ಮಾನಿಸಿ, ಮಾತು ಎನಿಸಿದರೆ ಮಾತ್ರ ಗೇನ್ ಏರಿಸುತ್ತವೆ. ಫ್ಯಾನನ್ನು ಉಬ್ಬಿಸದಿರಲು ಮಾಡಿದ ಉಪಾಯ ಇದು. ಆದರೆ ಪಿಸುಗುಟ್ಟುವಾಗ ಗಂಟಲಿನ ತಂತುಗಳು ಕಂಪಿಸುವುದಿಲ್ಲ. ಸ್ವರದ ಸ್ಥಾಯಿಯೇ ಇಲ್ಲದ, ಬರಿಯ ಗಾಳಿಯ ಸುಯ್ಲು ಅದು. ಲೆಕ್ಕ ಹಾಕುವ ತಂತ್ರಾಂಶಕ್ಕೆ ಅದೂ ಫ್ಯಾನೂ ಹತ್ತಿರದ ನೆಂಟರು. ಗೇನ್ ಏರುವುದಿಲ್ಲ, ಮೇಲಿಂದ ಗದ್ದಲ ತಗ್ಗಿಸುವ ಭಾಗ ಅದನ್ನು ಇನ್ನಷ್ಟು ಒತ್ತಿಬಿಡುತ್ತದೆ. ಆದ್ದರಿಂದ ಬರಿಯ ಆಟೊ ಗೇನ್ ಆಫ್ ಮಾಡಿದರೆ ಪಿಸುಮಾತು ಮರಳುವುದಿಲ್ಲ, ಗದ್ದಲ ನಿಗ್ರಹವನ್ನೂ ಆಫ್ ಮಾಡಬೇಕು.

ಝೂಮ್‌ನಲ್ಲಿ Settings ಒಳಗಿನ Audio ಪುಟಕ್ಕೆ ಹೋಗಿ Automatically adjust microphone volume ಮುಂದಿನ ಗುರುತು ತೆಗೆಯಿರಿ. ಅದೇ ಪುಟದಲ್ಲಿ Original sound for musicians ಆರಿಸಿಕೊಳ್ಳಿ. ಇದನ್ನು ಕರೆಯೊಳಗೆ ಹೋದ ಮೇಲೆ ಪರದೆಯ ಗುಂಡಿಯಿಂದ ಮತ್ತೆ ಚಾಲೂ ಮಾಡಬೇಕಾಗುತ್ತದೆ, ಅನೇಕರು ಮರೆಯುವುದು ಇಲ್ಲೇ. ಬ್ರೌಸರ್‌ನಲ್ಲಿ ಸ್ವಂತ ಪುಟ ಕಟ್ಟಿ ದನಿ ಹಿಡಿಯುವವರು ಕೇಳಬೇಕಾದ್ದು ಇಷ್ಟು:

```
navigator.mediaDevices.getUserMedia({
  audio: { autoGainControl: false,
           noiseSuppression: false,
           echoCancellation: false }
})
```

ಕೊನೆಯ echoCancellation ಆಫ್ ಮಾಡಿದರೆ ಹೆಡ್‌ಫೋನ್ ಕಡ್ಡಾಯ. ಇಲ್ಲವಾದರೆ ಸ್ಪೀಕರಿನ ದನಿ ಮೈಕಿಗೆ ನುಗ್ಗಿ ಆಚೆಯವರಿಗೆ ಅವರದೇ ಮಾತು ಮರಳಿ ಕೇಳುತ್ತದೆ.

ವಿಂಡೋಸ್‌ನಲ್ಲಿ ಇನ್ನೊಂದು ಗೊಂದಲ ಕಾಣುತ್ತದೆ. ಕೆಲವು ಆ್ಯಪ್‌ಗಳು ತಮ್ಮೊಳಗಿನ ಲೆಕ್ಕವನ್ನಷ್ಟೇ ಬದಲಿಸದೆ ವಿಂಡೋಸ್‌ನ ಮೈಕ್ ಲೆವೆಲ್‌ನ ಪಟ್ಟಿಯನ್ನೇ ಎಳೆಯುತ್ತವೆ. ಮೈಕಿನ ಡ್ರೈವರಿನಲ್ಲೂ ಇಂಥದೇ ಸೌಲಭ್ಯವಿದ್ದರೆ ಒಂದು ಇಳಿಸುವಾಗ ಇನ್ನೊಂದು ಏರಿಸುತ್ತದೆ, ಅತ್ತೆ ಆರಿಸಿದ ಒಲೆಯನ್ನು ಸೊಸೆ ಮತ್ತೆ ಹಚ್ಚಿದ ಹಾಗೆ. ಕರೆಯ ಹೊತ್ತಿನಲ್ಲಿ ಸೌಂಡ್ ಸೆಟ್ಟಿಂಗ್ ತೆರೆದಿಟ್ಟು ನೋಡಿ. ಯಾರೂ ಮುಟ್ಟದೆ ಪಟ್ಟಿ ಸರಿದಾಡಿದರೆ ಎರಡರಲ್ಲಿ ಒಂದನ್ನು ಆಫ್ ಮಾಡಲೇಬೇಕು.

ರೆಕಾರ್ಡಿಂಗಿಗೆ ನಮ್ಮ ಸಲಹೆ: ಸ್ವಿಚ್ ಆಫ್, 24 ಬಿಟ್, ಕೈಯಾರೆ ಲೆವೆಲ್. ಕೂಟ ಶುರುವಾಗುವ ಮೊದಲೇ ಚೆಂಡೆಯವರಿಂದ ಪೂರ್ತಿ ಜೋರಿನ ಬಿಡ್ತಿಗೆ ಒಂದನ್ನು ಕೇಳಿ ಪಡೆದು, ಅದರ ತುದಿ ಮೈನಸ್ 6 ಡೆಸಿಬೆಲ್‌ಗೆ ತಾಗುವಂತೆ ಲೆವೆಲ್ ಇಡಿ. ಈಗ ಮಾತು ಮೀಟರಿನಲ್ಲಿ ಬಡಕಲಾಗಿ ಕಾಣುತ್ತದೆ, ಕೈ ತಡೆಯದೆ ಏರಿಸಬೇಡಿ. ಕಡತದಲ್ಲಿ 24 ಬಿಟ್ ಇರುವಾಗ ಆಮೇಲೆ 15 ಡೆಸಿಬೆಲ್ ಏರಿಸಿದರೂ ಬಿಟ್‌ಗಳ ಕೊರತೆಯಿಂದ ಗದ್ದಲ ಬರುವುದಿಲ್ಲ. ಬರುವುದು ಕೋಣೆಯದು, ಇಲ್ಲವೇ ಮೈಕಿನದು.

ಆ ಗದ್ದಲ ಕಡಿಮೆಯಾಗಲು ಇರುವ ದಾರಿ ಜಾಗವೇ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ರೆಕಾರ್ಡರ್ ಅರ್ಥಧಾರಿಯಿಂದ 1 ಮೀಟರ್, ಚೆಂಡೆಯಿಂದ 4 ಮೀಟರ್ ಇದ್ದರೆ ಮಾತಿಗೆ 12 ಡೆಸಿಬೆಲ್ ಲಾಭ. ಗೋಡೆಗಳ ಪ್ರತಿಧ್ವನಿಯಿರುವ ಸಭಾಭವನದಲ್ಲಿ ಲಾಭ ಇದಕ್ಕಿಂತ ಕಡಿಮೆ, ಆದರೂ ಯಾವ ಸ್ವಿಚ್ಚೂ ಕೊಡದಷ್ಟು. ರೆಕಾರ್ಡರ್‌ನಲ್ಲಿ ಲಿಮಿಟರ್ ಬೇರೆಯಾಗಿ ಇದ್ದರೆ ಅದನ್ನು ಚಾಲೂ ಇಡಿ. ಅದು ಮಿತಿ ದಾಟಿದ ಪೆಟ್ಟನ್ನು ಮಾತ್ರ ತಡೆಯುತ್ತದೆ, ಸಣ್ಣ ದನಿಯನ್ನು ಎತ್ತಲು ಹೋಗುವುದಿಲ್ಲ.

ಕರೆಗೆ ಮೂರು ನಕ್ಷತ್ರ ಏಕೆಂದರೆ, ಒಂದೇ ಮೇಜಿನ ಸುತ್ತ ಐದು ಜನ ಬೇರೆ ಬೇರೆ ದೂರದಲ್ಲಿ ಕೂತ ಸಭೆಗೆ, ಫೋನನ್ನು ಒಮ್ಮೆ ಹತ್ತಿರ ಒಮ್ಮೆ ದೂರ ಹಿಡಿಯುವ ಅಜ್ಜಿಗೆ ಇದು ನಿಜಕ್ಕೂ ಬೇಕು. ಅಲ್ಲಿ ಮಾತು ತಿಳಿದರೆ ಸಾಕು, ಫ್ಯಾನ್ ಉಬ್ಬಿದರೆ ಉಬ್ಬಲಿ. ಆಟೊ ಲೆವೆಲ್‌ನಲ್ಲಿ ಈಗಾಗಲೇ ಹಿಡಿದ ಹಳೆಯ ಕಡತಗಳಿದ್ದರೆ ಆಡಾಸಿಟಿಯ ಎನ್ವಲಪ್ ಉಪಕರಣದಿಂದ ಬಿಡ್ತಿಗೆಯ ನಂತರದ ಮೊದಲ ಮೂರು ಸೆಕೆಂಡುಗಳನ್ನು ಇಳಿಜಾರಿನಂತೆ ಎತ್ತಬಹುದು. ಒಂದು ಪದ್ಯಕ್ಕೆ ಎರಡು ನಿಮಿಷದ ಕೆಲಸ, ಇಡೀ ರಾತ್ರಿಯ ಪ್ರಸಂಗಕ್ಕೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ.