ತೆಳ್ಳನೆ ಲ್ಯಾಪ್‌ಟಾಪ್ ನಾನು ತಗೊಂಡೆ, ದಪ್ಪನೆಯದು ತಮ್ಮ ತಗೊಂಡ

2023ರಲ್ಲಿ ನಾನೂ ತಮ್ಮನೂ ಒಂದೇ ತಿಂಗಳು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆವು. ಎರಡರಲ್ಲೂ ಆರ್‌ಟಿಎಕ್ಸ್ 4060 ಜಿಪಿಯು, ಎರಡರಲ್ಲೂ 16 ಜಿಬಿ ರ‍್ಯಾಮ್. ನನ್ನದು ತೆಳ್ಳಗೆ, ನೋಡಲು ಚೆಂದ. ಅವನದು ಇಟ್ಟಿಗೆ. ಈಗ ಕೇಳಿದರೆ ಇಟ್ಟಿಗೆಯೇ ವಾಸಿ ಅನ್ನುತ್ತೇನೆ.

ಒಂದೂವರೆ ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೆ ಒಂದು ದೊಡ್ಡ ಓಪನ್ ವರ್ಲ್ಡ್ ಗೇಮ್ ಹಾಕಿದೆ. ಸರಾಸರಿ 75 ಎಫ್‌ಪಿಎಸ್ ಬರುತ್ತಿತ್ತು, ಆದರೆ ಗಾಡಿ ಓಡಿಸುತ್ತಾ ಹೊಸ ಬೀದಿಗೆ ತಿರುಗಿದರೆ ಸಾಕು, ಅರ್ಧ ಸೆಕೆಂಡ್ ಎಲ್ಲ ನಿಂತುಬಿಡುತ್ತಿತ್ತು. ಬಿಸಿಯಾಗಿರಬೇಕು ಅಂತ ಫ್ಯಾನ್ ಕ್ಲೀನ್ ಮಾಡಿಸಿದೆ. ಸುಮ್ನೆ ದುಡ್ಡು ದಂಡ. ವಿಡಿಯೋ ಮೆಮೊರಿ ತುಂಬಿದೆಯೇನೋ ಅಂತ ಟೆಕ್ಸ್‌ಚರ್ ಕಡಿಮೆ ಮಾಡಿದೆ, ಆಗಲೂ ತಡವರಿಕೆ ಹೋಗಲಿಲ್ಲ. ಕೊನೆಗೆ ಕ್ರೋಮ್ ಮುಚ್ಚಿ ಆಡಿದೆ. ಮಾಯ! ರ‍್ಯಾಮ್ ಸಾಲದೆ ವಿಂಡೋಸ್ ಒಂದಿಷ್ಟು ಡೇಟಾವನ್ನು ಎಸ್‌ಎಸ್‌ಡಿಗೆ ತಳ್ಳುತ್ತಿತ್ತು, ಬೇಕಾದಾಗ ವಾಪಸ್ ಎಳೆಯುತ್ತಿತ್ತು. ಎಸ್‌ಎಸ್‌ಡಿ ಎಷ್ಟೇ ವೇಗವಾಗಿದ್ದರೂ ರ‍್ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ.

ತಮ್ಮನಿಗೂ ಇದೇ ಗೋಳು. ಅವನು ಹಿಂದಿನ ಮುಚ್ಚಳ ಬಿಚ್ಚಿ, ಎರಡು 8 ಜಿಬಿ ಕಡ್ಡಿ ಕಿತ್ತು, ಎರಡು 16 ಜಿಬಿ ಕೂರಿಸಿದ. ಇಪ್ಪತ್ತು ನಿಮಿಷದ ಕೆಲಸ. ನಾನೂ ಸ್ಕ್ರೂ ಡ್ರೈವರ್ ಹಿಡಿದು ನನ್ನದನ್ನು ಬಿಚ್ಚಿದೆ. ಸ್ಲಾಟೇ ಇಲ್ಲ! ರ‍್ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರು. ಬಿಚ್ಚದೆಯೂ ಇದು ತಿಳಿಯುತ್ತಿತ್ತು: ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ Form factor ಎದುರು ಅವನದಕ್ಕೆ SODIMM ಅಂತಿದೆ, ನನ್ನದಕ್ಕೆ Row of chips. ಅಂಗಡಿಯಲ್ಲಿ ಡೆಮೊ ಇಟ್ಟಿದ್ದರೆ ಮೊದಲು ಇದನ್ನು ನೋಡಿ. ಇನ್ನೂ ಒಂದು ಜಾತಿ ಇದೆ, 8 ಜಿಬಿ ಬೆಸುಗೆ, ಜೊತೆಗೆ ಒಂದು ಸ್ಲಾಟ್. ಅದು ಪರವಾಗಿಲ್ಲ, ಆದರೆ ಬೆಸುಗೆಯ ಚಿಪ್ ಕೆಟ್ಟರೆ ಅಲ್ಲೂ ಕತೆ ಒಂದೇ. ವಾರಂಟಿ ಮುಗಿದಿದ್ದರೆ ಸಾಮಾನ್ಯವಾಗಿ ಇಡೀ ಬೋರ್ಡ್ ಬದಲಿಸಿ ಅನ್ನುತ್ತಾರೆ, ಸಿಪಿಯು, ಜಿಪಿಯು ಸಮೇತ.

ಬೆಸುಗೆ ಹಾಕುವುದು ಬರೀ ಕುತಂತ್ರ ಅಲ್ಲ. ಹೀಗೆ ಬೆಸುಗೆ ಹಾಕುವ ಎಲ್‌ಪಿಡಿಡಿಆರ್5 ಮೆಮೊರಿಗೆ ಕರೆಂಟ್ ಕಡಿಮೆ ಸಾಕು, ವೇಗವೂ ಜಾಸ್ತಿ. ಬ್ಯಾಟರಿಯಲ್ಲಿ, ತೂಕದಲ್ಲಿ ನನ್ನದೇ ಮೇಲು.

ಇನ್ನು ಜಿಪಿಯು. ಅದು ತಮ್ಮನದರಲ್ಲೂ ಬೆಸುಗೆಯೇ, 8 ಜಿಬಿ ವಿಡಿಯೋ ಮೆಮೊರಿ ಅಷ್ಟಕ್ಕೇ ನಿಂತಿತು. ಹಾಗಾಗಿ ಸ್ಲಾಟ್ ಇದ್ದರೆ ಹತ್ತು ವರ್ಷ ಬರುತ್ತದೆ ಅಂತಲ್ಲ. ಅವನಿಗೆ ಇನ್ನೆರಡು ವರ್ಷ ಸಿಕ್ಕಿತು, ಅಷ್ಟೇ.

ನಾನು ಒಂದು ಲ್ಯಾಪ್‌ಟಾಪನ್ನು ಐದು ವರ್ಷ ಎಳೆಯುವವನು, ಕ್ರೋಮ್ ಮುಚ್ಚುವ ಅಭ್ಯಾಸ ಇಲ್ಲ, ಬಜೆಟ್ ಒಂದು ಲಕ್ಷ ದಾಟಲ್ಲ. ಮುಂದಿನದು ಎರಡು ಸ್ಲಾಟಿನ ಇಟ್ಟಿಗೆಯೇ. ದಿನಾ ಬ್ಯಾಗಲ್ಲಿ ಹೊತ್ತು ತಿರುಗುವವರು ತೆಳ್ಳನೆಯದನ್ನೇ ತಗೊಳ್ಳಿ, ಆದರೆ ಮೊದಲ ದಿನವೇ 32 ಜಿಬಿ ಇರುವುದನ್ನು.